ಹನ್ನೆರಡು ಸಾವಿರ ಎಲ್ಲಿ ಹೋಯಿತು?

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)

ವೇದಿಕೆಯ ಅಧ್ಯಕ್ಷರು ನನಗೆ ಫೋನ್ ಮಾಡಿ, “ನೀವು ಚಟ್ನಿಪುಡಿ ಮಾರ್ತೀರಲ್ಲ, ಅದರ ಬಗ್ಗೆ ಹತ್ತು ನಿಮಿಷ ಮಾತಾಡಿ” ಅಂದರು. ಚಟ್ನಿಪುಡಿ ಮಾಡುವುದನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ನಿಮ್ಮಲ್ಲಿ ಅರ್ಧದಷ್ಟು ಜನ ನನಗಿಂತ ಚೆನ್ನಾಗಿ ಮಾಡುತ್ತೀರಿ. ಹಾಗಾಗಿ ಇವತ್ತು ಪುಡಿಯ ಮಾತು ಬಿಟ್ಟು, ಪುಡಿ ಮಾರಿದ ಹಣ ಗಿರಾಕಿಯ ಫೋನಿನಿಂದ ಹೊರಟು ನಮ್ಮ ಬ್ಯಾಂಕಿಗೆ ಬರುವ ತನಕ ಏನಾಗುತ್ತದೆ ಅನ್ನುವುದನ್ನು ಹೇಳುತ್ತೇನೆ. ಇದು ತಿಳಿಯದೆ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಆ ತಪ್ಪಿನಿಂದಲೇ ಶುರು ಮಾಡುತ್ತೇನೆ.

ನಮ್ಮದು ಪುಣೆಯಲ್ಲಿ ಇಬ್ಬರು ಹೆಂಗಸರ ವ್ಯಾಪಾರ. ನಾನು ಮೈಸೂರು ಕಡೆಯವಳು, ನನ್ನ ಜೊತೆಗಾತಿ ಧಾರವಾಡದವರು. ಅವರನ್ನು ನಾನು ವೈನಿ ಅನ್ನುತ್ತೇನೆ, ಅವರು ನನ್ನನ್ನು ಅಕ್ಕಾರ ಅನ್ನುತ್ತಾರೆ. ಅವರ ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಕಡಕ್ ರೊಟ್ಟಿ. ನನ್ನ ಸಾರಿನ ಪುಡಿ, ಹುಳಿ ಪುಡಿ, ಉಪ್ಪಿನಕಾಯಿ. ಮೊದಲು ಅಪಾರ್ಟ್‌ಮೆಂಟಿನೊಳಗೆ ಮಾರುತ್ತಿದ್ದೆವು. ಆಮೇಲೆ ಮಗ ಒಂದು ಚಿಕ್ಕ ವೆಬ್‌ಸೈಟ್ ಮಾಡಿಕೊಟ್ಟ, ಜಿಎಸ್‌ಟಿ ನೋಂದಣಿ ಮಾಡಿಸಿದೆವು, ಬೆಂಗಳೂರು, ಹೈದರಾಬಾದ್, ಮುಂಬೈಗೆಲ್ಲ ಕೊರಿಯರ್ ಹೋಗತೊಡಗಿತು. ಗಿರಾಕಿಗಳು ಕಾರ್ಡಿನಲ್ಲಿ, ಯುಪಿಐನಲ್ಲಿ ಹಣ ಕಟ್ಟಲು ಒಂದು ಪೇಮೆಂಟ್ ಗೇಟ್‌ವೇ ಜೋಡಿಸಿದೆವು. ಪ್ಯಾಕಿಂಗ್, ಗಿರಾಕಿಗಳ ಫೋನು, ದೂರು ಬಂದರೆ ಹಣ ವಾಪಸ್ ಮಾಡುವುದು ವೈನಿಯ ಪಾಲು. ಆರ್ಡರ್ ಪುಸ್ತಕ ಮತ್ತು ಬ್ಯಾಂಕು ನನ್ನ ಪಾಲು.

ಕಳೆದ ದೀಪಾವಳಿ ತಿಂಗಳು, ಅಂದರೆ ಅಕ್ಟೋಬರ್‌ನಲ್ಲಿ, ನಮಗೆ ಅದುವರೆಗಿನ ಅತಿ ದೊಡ್ಡ ವ್ಯಾಪಾರವಾಯಿತು. ನನ್ನ ಆರ್ಡರ್ ಪುಸ್ತಕದ ಪ್ರಕಾರ ಆ ತಿಂಗಳ ಆನ್‌ಲೈನ್ ಆರ್ಡರುಗಳ ಮೊತ್ತ 1,46,200 ರೂಪಾಯಿ. ತಿಂಗಳು ಮುಗಿದ ಮೇಲೆ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಗೇಟ್‌ವೇಯಿಂದ ಬಂದ ಜಮೆಗಳನ್ನೆಲ್ಲ ಕೂಡಿಸಿದೆ. ಬಂದದ್ದು 1,34,020 ರೂಪಾಯಿ 20 ಪೈಸೆ. ಹನ್ನೆರಡು ಸಾವಿರದ ನೂರ ಎಂಬತ್ತು ರೂಪಾಯಿ ಕಡಿಮೆ.

ಶುಲ್ಕ ಅಂತ ಎರಡು ಪರ್ಸೆಂಟ್ ಹಿಡಿಯುತ್ತಾರೆ ಎಂದು ಗೊತ್ತಿತ್ತು. ಅದು ಮೂರು ಸಾವಿರ ಆದೀತು. ಉಳಿದ ಒಂಬತ್ತು ಸಾವಿರ ಎಲ್ಲಿ? ಗೇಟ್‌ವೇಯ ಪಾಸ್‌ವರ್ಡ್ ಇದ್ದದ್ದು ನನ್ನ ಹತ್ತಿರ ಮತ್ತು ವೈನಿಯ ಹತ್ತಿರ ಮಾತ್ರ. ನಾನು ಆರೋಪ ಮಾಡಲಿಲ್ಲ, ಆದರೆ ಕೇಳಿದ ರೀತಿ ಸರಿ ಇರಲಿಲ್ಲ. “ವೈನಿ, ನೀವೇನಾದರೂ ಯಾರಿಗಾದರೂ ಕಳಿಸಿದ್ದೀರಾ?” ಅಂದೆ. ಅವರು ಕೈಯಲ್ಲಿದ್ದ ಟೇಪ್ ಕೆಳಗಿಟ್ಟು, “ಅಕ್ಕಾರ, ನಾ ರೊಕ್ಕ ತಗೊಂಡೀನಿ ಅಂತ ಕೇಳಾಕತ್ತೀರೇನು?” ಅಂದರು. ಆಮೇಲೆ ಎರಡು ದಿನ ನಮ್ಮ ಮನೆಗೆ ಬರಲಿಲ್ಲ.

ಆ ಎರಡು ದಿನ ನಾನು ಕೂತು, ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಅದನ್ನೇ ಈಗ ನಿಮಗೆ ಹೇಳುವುದು.

ಹಣ ಎಲ್ಲಿ ನಿಂತಿರುತ್ತದೆ

ಗಿರಾಕಿ ಹಣ ಕಟ್ಟಿದ ಕೂಡಲೇ ಅದು ನಮ್ಮ ಖಾತೆಗೆ ಬರುವುದಿಲ್ಲ. ಗೇಟ್‌ವೇ ಕಂಪನಿ ಅದನ್ನು ಒಂದು ಎಸ್ಕ್ರೋ ಖಾತೆಯಲ್ಲಿ ಇಟ್ಟಿರುತ್ತದೆ. ಹಾಗೆ ಬ್ಯಾಂಕಿನಲ್ಲಿ ಬೇರೆಯಾಗಿ ಇಡಬೇಕು, ತನ್ನ ಸ್ವಂತ ಹಣದ ಜೊತೆ ಬೆರೆಸಬಾರದು ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಅಲ್ಲಿಂದ ಒಪ್ಪಂದದ ದಿನ ಎಣಿಸಿ ನಮ್ಮ ಖಾತೆಗೆ ಕಳಿಸುತ್ತಾರೆ. ಹೀಗೆ ಕಳಿಸುವುದಕ್ಕೇ ಸೆಟಲ್‌ಮೆಂಟ್ ಅನ್ನುವುದು.

ನಮ್ಮ ಒಪ್ಪಂದದಲ್ಲಿ `T+2` ಎಂದಿದೆ. ಹಣ ಕಟ್ಟಿದ ದಿನ T. ಅದರ ನಂತರ ಎರಡನೆಯ ಕೆಲಸದ ದಿನ ನಮ್ಮ ಖಾತೆಗೆ ಜಮೆ. ಇಲ್ಲಿ ಒತ್ತು ಇರುವುದು ಕೆಲಸದ ದಿನ ಅನ್ನುವ ಮಾತಿನ ಮೇಲೆ. ನಮ್ಮ ಗೇಟ್‌ವೇ ಶನಿವಾರ, ಭಾನುವಾರ, ಬ್ಯಾಂಕ್ ರಜೆ ಯಾವುದನ್ನೂ ಎಣಿಸುವುದಿಲ್ಲ. ಹಾಗಾದರೆ ಸೋಮವಾರ ಕಟ್ಟಿದ ಹಣ ಬುಧವಾರ ಬರುತ್ತದೆ. ಶುಕ್ರವಾರದ್ದು? ಸೋಮವಾರ ಒಂದು, ಮಂಗಳವಾರ ಎರಡು. ಮಂಗಳವಾರ ಬರುತ್ತದೆ. ಶನಿವಾರದ್ದು? ಅದಕ್ಕೂ ಸೋಮವಾರ ಒಂದು, ಮಂಗಳವಾರ ಎರಡು. ಭಾನುವಾರದ್ದೂ ಹಾಗೆಯೇ. ಅಂದರೆ ಮೂರು ದಿನದ ಹಣ ಒಟ್ಟಾಗಿ ಒಂದೇ ಜಮೆಯಾಗಿ ಮಂಗಳವಾರ ಬಂದು ಬೀಳುತ್ತದೆ.

ಇದು ಗೊತ್ತಿಲ್ಲದೆ ನಾನು ಮಂಗಳವಾರದ ಜಮೆಯನ್ನು ಭಾನುವಾರದ ಆರ್ಡರುಗಳ ಜೊತೆ ಹೋಲಿಸುತ್ತಿದ್ದೆ. ಹೇಗೆ ಹೊಂದೀತು? ಸೋಮವಾರ ಏನೂ ಬರದಿದ್ದರೆ ಗಾಬರಿಯಾಗುತ್ತಿದ್ದೆ. ಹಿಂದಿನ ವಾರ ರಜೆ ಇಲ್ಲದಿದ್ದರೆ ಸೋಮವಾರ ಬರುವುದು ಹಿಂದಿನ ಗುರುವಾರದ ಹಣ ಮಾತ್ರ. ಗುರುವಾರ ಆರ್ಡರೇ ಇಲ್ಲದಿದ್ದರೆ ಸೋಮವಾರ ಜಮೆಯೂ ಇಲ್ಲ.

ಹಬ್ಬದ ದಿನಗಳಲ್ಲಿ ಇದು ಇನ್ನೂ ಹಿಗ್ಗುತ್ತದೆ. ಸೆಪ್ಟೆಂಬರ್ 30 ಮಂಗಳವಾರವಾಗಿತ್ತು. ಆ ದಿನದ ಹಣ ಗುರುವಾರ ಬರಬೇಕಿತ್ತು, ಆದರೆ ಗುರುವಾರ ಅಕ್ಟೋಬರ್ 2, ಗಾಂಧಿ ಜಯಂತಿ. ಹಣ ಬಂದದ್ದು ಶುಕ್ರವಾರ. ನಿಮ್ಮಲ್ಲಿ ಯಾರಾದರೂ ಹಬ್ಬಕ್ಕೆ ಮುಂಚೆ ಶೇಂಗಾ, ಬೆಲ್ಲ, ಎಣ್ಣೆಯನ್ನು ಸಗಟಾಗಿ ತರುವವರಿದ್ದರೆ, ಹಬ್ಬದ ವಾರದ ಮಾರಾಟದ ಹಣ ಹಬ್ಬದ ವಾರದಲ್ಲಿ ಕೈಗೆ ಸಿಗುವುದಿಲ್ಲ ಎಂದೇ ಲೆಕ್ಕ ಹಾಕಿಕೊಳ್ಳಿ. ತಕ್ಷಣ ಸೆಟಲ್‌ಮೆಂಟ್ ಕೊಡುವ ಸೌಲಭ್ಯ ಹಲವು ಗೇಟ್‌ವೇಗಳಲ್ಲಿದೆ, ಆದರೆ ಅದಕ್ಕೆ ಬೇರೆಯೇ ಶುಲ್ಕ ಕಡಿಯುತ್ತಾರೆ. ನಾವು ಅದನ್ನು ಬಳಸುವುದಿಲ್ಲ. ಅಂಗಡಿಯವರಲ್ಲಿ ಒಂದು ವಾರದ ಸಾಲ ಹೇಳುತ್ತೇವೆ.

ಒಂದು ಮಂಗಳವಾರದ ಜಮೆ

ಈಗ ಒಂದೇ ಒಂದು ಜಮೆಯನ್ನು ಬಿಡಿಸಿ ನೋಡೋಣ. ಅಕ್ಟೋಬರ್ 14, ಮಂಗಳವಾರ. ನನ್ನ ಖಾತೆಗೆ ಬಂದದ್ದು 4,849 ರೂಪಾಯಿ 9 ಪೈಸೆ. ಆರ್ಡರ್ ಪುಸ್ತಕದಲ್ಲಿ ಯಾವ ಆರ್ಡರುಗಳನ್ನು ಹೇಗೆ ಕೂಡಿಸಿದರೂ ಈ ಸಂಖ್ಯೆ ಬರಲಿಲ್ಲ. ಒಂಬತ್ತು ಪೈಸೆ ಎಲ್ಲಿಂದ ಬಂತು ಎಂದೇ ನನಗೆ ಆಶ್ಚರ್ಯ, ನಾವು ಪೈಸೆಯಲ್ಲಿ ಏನನ್ನೂ ಮಾರುವುದಿಲ್ಲವಲ್ಲ.

ಶುಕ್ರವಾರ, ಶನಿವಾರ, ಭಾನುವಾರ ಸೇರಿ ಐದು ಆರ್ಡರ್ ಇದ್ದವು. ಶುಕ್ರವಾರ ಯುಪಿಐನಲ್ಲಿ 650, ಅದೇ ದಿನ ಕ್ರೆಡಿಟ್ ಕಾರ್ಡಿನಲ್ಲಿ 1,200. ಶನಿವಾರ ಯುಪಿಐನಲ್ಲಿ 900. ಭಾನುವಾರ ಕ್ರೆಡಿಟ್ ಕಾರ್ಡಿನಲ್ಲಿ 2,500, ಯುಪಿಐನಲ್ಲಿ 480. ಒಟ್ಟು 5,730 ರೂಪಾಯಿ.

ನಮ್ಮ ಒಪ್ಪಂದದಂತೆ ಗೇಟ್‌ವೇಯ ಶುಲ್ಕ 2 ಪರ್ಸೆಂಟ್. ಆ ಶುಲ್ಕದ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಗಮನಿಸಿ, ಈ ಜಿಎಸ್‌ಟಿ ನಮ್ಮ ಮಾಲಿನ ಮೇಲಲ್ಲ, ಅವರ ಶುಲ್ಕದ ಮೇಲೆ. 650 ರೂಪಾಯಿಯ ಆರ್ಡರಿಗೆ ಶುಲ್ಕ 13 ರೂಪಾಯಿ, ಅದರ ಮೇಲೆ ಜಿಎಸ್‌ಟಿ 2 ರೂಪಾಯಿ 34 ಪೈಸೆ, ನಮಗೆ ಉಳಿಯುವುದು 634 ರೂಪಾಯಿ 66 ಪೈಸೆ. ಪೈಸೆ ಬಂದದ್ದು ಇಲ್ಲಿಂದ. ಆ 650ರಲ್ಲಿ 70 ರೂಪಾಯಿ ಕೊರಿಯರ್ ಖರ್ಚು ಸೇರಿತ್ತು. ಗೇಟ್‌ವೇಗೆ ಪುಡಿಯ ದುಡ್ಡು, ಕೊರಿಯರ್ ದುಡ್ಡು ಎಂಬ ಭೇದವಿಲ್ಲ, ಗಿರಾಕಿ ಕಟ್ಟಿದ ಪೂರ್ತಿ ಮೊತ್ತದ ಮೇಲೆ ಶುಲ್ಕ. ಬೆಲೆ ಇಡುವಾಗ ನಾನು ಇದನ್ನು ಮರೆತಿದ್ದೆ.

ನೀವು ಕೇಳಬಹುದು, ಯುಪಿಐಗೆ ಶುಲ್ಕವೇ ಇಲ್ಲ ಅಲ್ಲವಾ ಎಂದು. 2020ರ ಜನವರಿಯಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿಗೆ ವ್ಯಾಪಾರಿಯಿಂದ ಬ್ಯಾಂಕುಗಳು ಹಿಡಿಯುವ ಎಂಡಿಆರ್ ಸೊನ್ನೆ ಎಂಬುದು ನಿಜ. ಆದರೆ ಗೇಟ್‌ವೇ ತನ್ನ ಸೇವೆಗೆ ಅಂತ ಬೇರೆ ಶುಲ್ಕ ಹಿಡಿಯಬಹುದು. ನಮ್ಮ ಒಪ್ಪಂದದಲ್ಲಿ ಎಲ್ಲಕ್ಕೂ ಒಂದೇ ದರ ಬರೆದಿದೆ. ನಿಮ್ಮದರಲ್ಲಿ ಯುಪಿಐಗೆ ಬೇರೆ ದರ ಇರಬಹುದು. ಒಪ್ಪಂದದ ದರಪಟ್ಟಿಯನ್ನು ಒಮ್ಮೆ ಓದಿ, ಒಂದು ಚೀಟಿಯಲ್ಲಿ ಬರೆದು ಕಪಾಟಿಗೆ ಅಂಟಿಸಿ.

ಎರಡನೆಯ ಆರ್ಡರ್ 1,200 ರೂಪಾಯಿ, ಕ್ರೆಡಿಟ್ ಕಾರ್ಡ್. ಶುಲ್ಕ 24 ರೂಪಾಯಿ. ಜಿಎಸ್‌ಟಿ ಸೊನ್ನೆ. ಇದನ್ನು ನೋಡಿ ನಾನು ವರದಿಯೇ ತಪ್ಪಿದೆ ಅಂದುಕೊಂಡೆ. ತಪ್ಪಿಲ್ಲ. 2,000 ರೂಪಾಯಿವರೆಗಿನ ಕಾರ್ಡ್ ಪಾವತಿಗಳ ಶುಲ್ಕಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. ಅದಕ್ಕೇ 2,500ರ ಕಾರ್ಡ್ ಆರ್ಡರಿಗೆ 50 ರೂಪಾಯಿ ಶುಲ್ಕ, 9 ರೂಪಾಯಿ ಜಿಎಸ್‌ಟಿ ಬಿದ್ದಿತ್ತು, 1,200ಕ್ಕೆ ಬಿದ್ದಿರಲಿಲ್ಲ. ಆದ್ದರಿಂದ ಒಟ್ಟು ಮಾರಾಟಕ್ಕೆ 2.36 ಪರ್ಸೆಂಟ್ ಎಂದು ಗುಣಿಸಿ ಲೆಕ್ಕ ಸರಿಯಿದೆಯೋ ಇಲ್ಲವೋ ನೋಡಲು ಹೋದರೆ ಹೊಂದುವುದಿಲ್ಲ. ಸಾಲು ಸಾಲಾಗಿ ನೋಡಲೇಬೇಕು.

ಐದೂ ಆರ್ಡರುಗಳ ಶುಲ್ಕ ಕೂಡಿದರೆ 114 ರೂಪಾಯಿ 60 ಪೈಸೆ, ಜಿಎಸ್‌ಟಿ 16 ರೂಪಾಯಿ 31 ಪೈಸೆ. 5,730ರಲ್ಲಿ ಇವೆರಡನ್ನೂ ಕಳೆದರೆ 5,599 ರೂಪಾಯಿ 9 ಪೈಸೆ. ಒಂಬತ್ತು ಪೈಸೆ ಸಿಕ್ಕಿತು! ಆದರೆ ಬ್ಯಾಂಕಿಗೆ ಬಂದದ್ದು 4,849. ಇನ್ನೂ ಸರಿಯಾಗಿ 750 ರೂಪಾಯಿ ಕಡಿಮೆ.

ಆ 750 ಒಂದು ರಿಫಂಡ್. ಹಿಂದಿನ ವಾರ ಹೈದರಾಬಾದಿಗೆ ಹೋದ ಉಪ್ಪಿನಕಾಯಿ ಬಾಟಲಿ ದಾರಿಯಲ್ಲಿ ಒಡೆದು, ಎಣ್ಣೆ ಸೋರಿ ಪುಡಿಯ ಪೊಟ್ಟಣಗಳೆಲ್ಲ ಹಾಳಾಗಿದ್ದವು. ಗಿರಾಕಿ ಫೋಟೋ ಕಳಿಸಿದರು, ವೈನಿ ಸೋಮವಾರ ಗೇಟ್‌ವೇಯಿಂದಲೇ ಹಣ ವಾಪಸ್ ಮಾಡಿದರು. ವಾಪಸ್ ಮಾಡಿದ ಹಣವನ್ನು ಗೇಟ್‌ವೇ ನಮ್ಮ ಬ್ಯಾಂಕ್ ಖಾತೆಯಿಂದ ಎಳೆಯುವುದಿಲ್ಲ. ನಮಗೆ ಮುಂದೆ ಬರಬೇಕಾದ ಹಣದಲ್ಲಿ ಮುರಿದುಕೊಳ್ಳುತ್ತದೆ. ಹಾಗಾಗಿ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ರಿಫಂಡ್ ಅನ್ನುವ ಸಾಲೇ ಇರುವುದಿಲ್ಲ, ಬೇರೆ ಯಾರದೋ ಐದು ಆರ್ಡರಿನ ಜಮೆ ಸುಮ್ಮನೆ ಕಡಿಮೆಯಾಗಿ ಕಾಣಿಸುತ್ತದೆ.

ರಿಫಂಡ್ ಬಗ್ಗೆ ಇನ್ನೂ ಎರಡು ಮಾತು. ಒಂದು, ನಾವು ಗಿರಾಕಿಗೆ ಪೂರ್ತಿ 750 ಕೊಟ್ಟರೂ, ಆ ಆರ್ಡರ್ ಬಂದ ದಿನ ಕಡಿದ ಶುಲ್ಕವನ್ನು ನಮ್ಮ ಗೇಟ್‌ವೇ ವಾಪಸ್ ಕೊಡುವುದಿಲ್ಲ. ಬಾಟಲಿಯೂ ಹೋಯಿತು, ಕೊರಿಯರೂ ಹೋಯಿತು, ಶುಲ್ಕವೂ ಹೋಯಿತು. ಎರಡು, ಗೇಟ್‌ವೇಯಲ್ಲಿ ನಮ್ಮ ಲೆಕ್ಕದಲ್ಲಿ ಸಾಕಷ್ಟು ಹಣ ಬಾಕಿ ಇಲ್ಲದ ದಿನ ರಿಫಂಡ್ ಒತ್ತಿದರೆ ಅದು ಹೋಗದೆ ನಿಲ್ಲಬಹುದು. ಗಿರಾಕಿ “ಇನ್ನೂ ಬಂದಿಲ್ಲ” ಎಂದು ಫೋನ್ ಮಾಡುತ್ತಲೇ ಇರುತ್ತಾರೆ. ಆದ್ದರಿಂದ ರಿಫಂಡ್ ಒತ್ತಿದ ಮೇಲೆ ಅದರ ಸ್ಥಿತಿ ಏನೆಂದು ನೋಡಿಯೇ ಗಿರಾಕಿಗೆ ಹೇಳಬೇಕು.

ತಾಳೆ ನೋಡುವ ಕ್ರಮ

ಈಗ, ಇದನ್ನು ಪ್ರತಿ ಜಮೆಗೂ ಮಾಡುವುದು ಹೇಗೆ? ಆರ್ಡರ್ ಪುಸ್ತಕ ಒಂದು ಕಡೆ, ಬ್ಯಾಂಕ್ ಸ್ಟೇಟ್‌ಮೆಂಟ್ ಇನ್ನೊಂದು ಕಡೆ ಇಟ್ಟುಕೊಂಡು ಕೂತರೆ ಆಗುವುದೇ ಇಲ್ಲ. ಎರಡರ ನಡುವೆ ಮೂರನೆಯ ಕಾಗದ ಬೇಕು, ಅದು ಗೇಟ್‌ವೇಯ ಸೆಟಲ್‌ಮೆಂಟ್ ವರದಿ. ಗೇಟ್‌ವೇಯ ಪುಟಕ್ಕೆ ಹೋಗಿ, ತಿಂಗಳು ಆರಿಸಿ, ಅದನ್ನು ಇಳಿಸಿಕೊಳ್ಳಬಹುದು. ಎಕ್ಸೆಲ್‌ನಲ್ಲೋ ಗೂಗಲ್ ಶೀಟ್ಸ್‌ನಲ್ಲೋ ತೆರೆಯುತ್ತದೆ.

ತೆರೆದ ಕೂಡಲೇ ಮೂವತ್ತು ಕಾಲಂ ಕಾಣಿಸಿ ತಲೆ ತಿರುಗುತ್ತದೆ. ಬೇಕಾದವು ಕೆಲವೇ. ನಮ್ಮ ವರದಿಯಲ್ಲಿ ಅವುಗಳ ಹೆಸರು `order_receipt`, `amount`, `fee`, `tax`, `debit`, `credit`, `settlement_utr`. ನಿಮ್ಮ ಗೇಟ್‌ವೇಯಲ್ಲಿ ಹೆಸರು ಸ್ವಲ್ಪ ಬೇರೆ ಇರಬಹುದು, ಕೆಲಸ ಅದೇ. `order_receipt` ಅನ್ನುವುದು ನಮ್ಮ ವೆಬ್‌ಸೈಟ್ ಕೊಟ್ಟ ಆರ್ಡರ್ ನಂಬರ್, ಇದು ವರದಿಯನ್ನು ಆರ್ಡರ್ ಪುಸ್ತಕಕ್ಕೆ ಕಟ್ಟುತ್ತದೆ. `settlement_utr` ಅನ್ನುವುದು ಬ್ಯಾಂಕಿಗೆ ಹಣ ಕಳಿಸಿದಾಗಿನ ಯುಟಿಆರ್ ನಂಬರ್, ಇದು ವರದಿಯನ್ನು ಬ್ಯಾಂಕ್ ಸ್ಟೇಟ್‌ಮೆಂಟಿಗೆ ಕಟ್ಟುತ್ತದೆ. ಒಂದು ಜಮೆಯಲ್ಲಿ ಬಂದ ಐದು ಆರ್ಡರಿಗೂ, ಅದರಲ್ಲಿ ಮುರಿದ ರಿಫಂಡಿಗೂ, ಎಲ್ಲ ಸಾಲುಗಳಿಗೂ ಒಂದೇ ಯುಟಿಆರ್ ಇರುತ್ತದೆ. ಅದೇ ಸೂತ್ರ. ಮೊತ್ತ ಹುಡುಕಬೇಡಿ, ಯುಟಿಆರ್ ಹುಡುಕಿ.

ನಾನು ಮಾಡುವುದು ಹೀಗೆ. ಶೀಟಿನ ಒಂದು ಹಾಳೆಗೆ `Report` ಎಂದು ಹೆಸರಿಟ್ಟು ಸೆಟಲ್‌ಮೆಂಟ್ ವರದಿಯನ್ನು ಅಂಟಿಸುತ್ತೇನೆ. ಅದರಲ್ಲಿ E ಕಾಲಂ `debit`, F ಕಾಲಂ `credit`, H ಕಾಲಂ ಯುಟಿಆರ್ ಬರುವಂತೆ ಜೋಡಿಸುತ್ತೇನೆ. ಇನ್ನೊಂದು ಹಾಳೆಯಲ್ಲಿ ಬ್ಯಾಂಕಿನ ಜಮೆಗಳು: A ಕಾಲಂನಲ್ಲಿ ಯುಟಿಆರ್, B ಕಾಲಂನಲ್ಲಿ ಬಂದ ಮೊತ್ತ. ಬ್ಯಾಂಕ್ ಸ್ಟೇಟ್‌ಮೆಂಟಿನ ವಿವರದಲ್ಲಿ ಯುಟಿಆರ್ ಬೇರೆ ಅಕ್ಷರಗಳ ನಡುವೆ ಸಿಕ್ಕಿಕೊಂಡಿರುತ್ತದೆ, ಅದನ್ನಷ್ಟೇ ಬಿಡಿಸಿ ಬರೆದುಕೊಳ್ಳಬೇಕು. ಆಮೇಲೆ C ಕಾಲಂನಲ್ಲಿ ಈ ಸೂತ್ರ:

```
=SUMIF(Report!H:H,A2,Report!F:F)-SUMIF(Report!H:H,A2,Report!E:E)
```

ಈ ಯುಟಿಆರ್ ಇರುವ ಸಾಲುಗಳ `credit` ಎಲ್ಲ ಕೂಡಿಸು, `debit` ಎಲ್ಲ ಕಳೆ ಎಂದಷ್ಟೇ ಇದರ ಅರ್ಥ. C ಕಾಲಂನ ಉತ್ತರ B ಕಾಲಂನ ಮೊತ್ತಕ್ಕೆ ಪೈಸೆ ಸಮೇತ ಸಮ ಆಗಬೇಕು. ಅಕ್ಟೋಬರ್ 14ರ ಸಾಲಿನಲ್ಲಿ ಎರಡೂ ಕಡೆ 4,849.09 ಎಂದು ಬಂದಾಗ ನನಗಾದ ಸಮಾಧಾನ ಹೇಳತೀರದು.

ಇಲ್ಲಿ ನಾನು ಒಂದು ಕಡೆ ಜಾರಿದ್ದೆ, ನೀವು ಜಾರಬೇಡಿ. ನಮ್ಮ ವರದಿಯ `fee` ಕಾಲಂನಲ್ಲಿ ಜಿಎಸ್‌ಟಿ ಸೇರಿಯೇ ಇರುತ್ತದೆ. 650ರ ಸಾಲಿನಲ್ಲಿ `fee` 15.34 ಎಂದಿದೆ, ಪಕ್ಕದ `tax` ಕಾಲಂನಲ್ಲಿ 2.34. ನಾನು ಎರಡನ್ನೂ ಕಳೆದು, ಜಿಎಸ್‌ಟಿಯನ್ನು ಎರಡು ಸಲ ಮುರಿದಿದ್ದೆ. ಎಲ್ಲ ಗೇಟ್‌ವೇಗಳ ವರದಿಯೂ ಹೀಗೆಯೇ ಇರುವುದಿಲ್ಲ. ತಿಳಿಯಲು ಒಂದೇ ಸಾಲು ಸಾಕು: `amount`ನಲ್ಲಿ `credit` ಕಳೆಯಿರಿ. ಬಂದ ಉತ್ತರ `fee`ಗೆ ಸಮವಾದರೆ ತೆರಿಗೆ ಅದರೊಳಗೇ ಇದೆ. `fee` ಮತ್ತು `tax` ಕೂಡಿದಷ್ಟಾದರೆ ಬೇರೆಬೇರೆ ಇವೆ. ಆದರೆ ಪರೀಕ್ಷೆಗೆ `tax` ಸೊನ್ನೆ ಇರುವ ಸಾಲನ್ನು ಆರಿಸಬೇಡಿ, ಅದರಲ್ಲಿ ಏನೂ ಗೊತ್ತಾಗುವುದಿಲ್ಲ.

ಹನ್ನೆರಡು ಸಾವಿರದ ಉತ್ತರ

ಜಮೆಗಳೆಲ್ಲ ಹೊಂದಿದ ಮೇಲೆ, ಯಾವ ಆರ್ಡರ್ ಇನ್ನೂ ವರದಿಯಲ್ಲಿ ಇಲ್ಲ ಎಂದು ಪುಸ್ತಕದಲ್ಲಿ ಒಂದೊಂದಾಗಿ ಗುರುತು ಹಾಕುತ್ತ ಬಂದೆ. ಆಗ 12,179 ರೂಪಾಯಿ 80 ಪೈಸೆ ನಾಲ್ಕು ಭಾಗವಾಗಿ ಬಿಚ್ಚಿಕೊಂಡಿತು.

ಮೊದಲನೆಯದು ತಿಂಗಳ ಅಂಚು. ಅಕ್ಟೋಬರ್ 30 ಗುರುವಾರ, 31 ಶುಕ್ರವಾರ. ಆ ಎರಡು ದಿನದ 7,900 ರೂಪಾಯಿ ಆರ್ಡರುಗಳ ಹಣ ನವೆಂಬರ್ 3 ಮತ್ತು 4ಕ್ಕೆ ಬಂದಿತ್ತು. ನನ್ನ ಪುಸ್ತಕದಲ್ಲಿ ಅವು ಅಕ್ಟೋಬರ್, ಬ್ಯಾಂಕಿನಲ್ಲಿ ನವೆಂಬರ್. ಹಾಗೆಯೇ ಸೆಪ್ಟೆಂಬರ್ ಕೊನೆಯ ಎರಡು ದಿನದ 3,100 ರೂಪಾಯಿ ಆರ್ಡರುಗಳ ಹಣ ಅಕ್ಟೋಬರ್‌ಗೆ ಬಂದಿತ್ತು. ಎರಡರ ವ್ಯತ್ಯಾಸ 4,800. ಇದು ಕಳೆದುಹೋದ ಹಣವಲ್ಲ, ದಾರಿಯಲ್ಲಿದ್ದ ಹಣ.

ಎರಡನೆಯದು ಶುಲ್ಕ ಮತ್ತು ಅದರ ಜಿಎಸ್‌ಟಿ, 3,179 ರೂಪಾಯಿ 80 ಪೈಸೆ. ಇದು ಖರ್ಚು. ಅದರಲ್ಲಿ ಜಿಎಸ್‌ಟಿಯ ಪಾಲು 388 ರೂಪಾಯಿ 80 ಪೈಸೆ. ಗೇಟ್‌ವೇ ಪ್ರತಿ ತಿಂಗಳು ನಮ್ಮ ಜಿಎಸ್‌ಟಿ ನಂಬರ್ ಹಾಕಿ ಒಂದು ಇನ್‌ವಾಯ್ಸ್ ಕೊಡುತ್ತದೆ, ಅದನ್ನು ಇಳಿಸಿಕೊಂಡು ಲೆಕ್ಕಪರಿಶೋಧಕರಿಗೆ ಕೊಟ್ಟರೆ ಆ ಭಾಗವನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ನಾನು ಅದುವರೆಗೆ ಒಂದು ತಿಂಗಳದ್ದೂ ಇಳಿಸಿಕೊಂಡಿರಲಿಲ್ಲ. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಬ್ಯಾಂಕಿಗೆ ಬಂದ ಮೊತ್ತವನ್ನೇ ಮಾರಾಟ ಎಂದು ಬರೆಯುತ್ತಿದ್ದೆ. ಮಾರಾಟ ಅಂದರೆ ಗಿರಾಕಿ ಕಟ್ಟಿದ ಪೂರ್ತಿ 650, ಬ್ಯಾಂಕಿಗೆ ಬಂದ 634.66 ಅಲ್ಲ. ನಡುವಿನ 15.34ರಲ್ಲಿ 13 ರೂಪಾಯಿ ಶುಲ್ಕವನ್ನು ಖರ್ಚಿನ ಕಡೆ, 2.34ನ್ನು ಹೊಂದಿಸಿಕೊಳ್ಳುವ ಜಿಎಸ್‌ಟಿಯ ಕಡೆ ಬರೆಯಬೇಕು. ನಮ್ಮ ಮಾಲಿನ ಮೇಲಿನ ಜಿಎಸ್‌ಟಿಯನ್ನೂ ಪೂರ್ತಿ ಮಾರಾಟದ ಮೇಲೇ ಲೆಕ್ಕ ಹಾಕಬೇಕು.

ಮೂರನೆಯದು ರಿಫಂಡ್. ಉಪ್ಪಿನಕಾಯಿಯ 750, ಪುಡಿಯಾಗಿ ತಲುಪಿದ ಕಡಕ್ ರೊಟ್ಟಿಯ 900, ತಪ್ಪು ವಿಳಾಸಕ್ಕೆ ಹೋದ ಒಂದು ಪಾರ್ಸೆಲ್ಲಿನ 700. ಒಟ್ಟು 2,350. ವೈನಿ ಮೂರನ್ನೂ ಸರಿಯಾಗಿಯೇ ಮಾಡಿದ್ದರು. ಮೂರು ಸಲವೂ ನನಗೆ ವಾಟ್ಸಾಪ್‌ನಲ್ಲಿ ಹೇಳಿದ್ದರು. ಹಬ್ಬದ ಗಡಿಬಿಡಿಯಲ್ಲಿ ನಾನು ಹೆಬ್ಬೆರಳಿನ ಚಿತ್ರ ಒತ್ತಿ, ಪುಸ್ತಕದಲ್ಲಿ ಬರೆಯುವುದನ್ನು ಬಿಟ್ಟಿದ್ದೆ. ಆ ಸಂದೇಶಗಳನ್ನು ಮತ್ತೆ ಓದಿದಾಗ ನನಗೆ ನಾಚಿಕೆಯಾಯಿತು.

ನಾಲ್ಕನೆಯದು 1,850 ರೂಪಾಯಿ. ಇದೊಂದೇ ನಿಜವಾದ ನಷ್ಟ, ಮತ್ತು ಅದು ನನ್ನ ಕೈಯಿಂದ ಆದದ್ದು. ಒಬ್ಬ ಗಿರಾಕಿ ಹಬ್ಬಕ್ಕೆ ದೊಡ್ಡ ಆರ್ಡರ್ ಹಾಕಿದರು. ವೆಬ್‌ಸೈಟಿನಲ್ಲಿ ಪಾವತಿ ವಿಫಲ ಎಂದು ಬಂತು. ಅವರು ನನಗೆ ಫೋನ್ ಮಾಡಿ, “ಮೇಡಂ, ನನ್ನ ಖಾತೆಯಿಂದ ದುಡ್ಡು ಹೋಗಿದೆ” ಎಂದು ಸ್ಕ್ರೀನ್‌ಶಾಟ್ ಕಳಿಸಿದರು. ಅವರು ಸುಳ್ಳು ಹೇಳಿರಲಿಲ್ಲ, ದುಡ್ಡು ನಿಜವಾಗಿಯೂ ಹೋಗಿತ್ತು. ನಾನು ನಂಬಿ, ಪುಸ್ತಕದಲ್ಲಿ ಬರೆದು ಪಾರ್ಸೆಲ್ ಕಳಿಸಿಬಿಟ್ಟೆ. ಆದರೆ ಅವರ ಖಾತೆಯಿಂದ ಹೋದ ಮಾತ್ರಕ್ಕೆ ನಮ್ಮ ಲೆಕ್ಕಕ್ಕೆ ಬಂತು ಎಂದಲ್ಲ. ಹಾಗೆ ನಡುವೆ ಸಿಕ್ಕಿಕೊಂಡ ಹಣ ಕೆಲವು ದಿನದಲ್ಲಿ ತಾನಾಗಿಯೇ ಗಿರಾಕಿಯ ಖಾತೆಗೆ ಹಿಂದಿರುಗುತ್ತದೆ. ಇದೂ ಹಿಂದಿರುಗಿತ್ತು. ಮಾಲು ಅವರ ಮನೆಯಲ್ಲಿ, ದುಡ್ಡೂ ಅವರ ಖಾತೆಯಲ್ಲಿ.

ಗೇಟ್‌ವೇಯ ಪುಟದಲ್ಲಿ ಪ್ರತಿ ಪಾವತಿಯ ಮುಂದೆ ಸ್ಥಿತಿ ಬರೆದಿರುತ್ತದೆ. `failed` ಎಂದಿದ್ದರೆ ನಮಗೆ ಬರುವುದಿಲ್ಲ. `authorized` ಎಂದಿದ್ದರೆ ಬ್ಯಾಂಕು ಒಪ್ಪಿದೆ, ಆದರೆ ಹಣ ಇನ್ನೂ ನಮ್ಮದಾಗಿಲ್ಲ. ನಿಗದಿತ ಸಮಯದೊಳಗೆ ನಮ್ಮ ಕಡೆಯಿಂದ ಪಡೆದುಕೊಳ್ಳದಿದ್ದರೆ ಅದೂ ವಾಪಸ್ ಹೋಗುತ್ತದೆ. `captured` ಎಂದಿದ್ದರೆ ಮಾತ್ರ ಸೆಟಲ್‌ಮೆಂಟಿಗೆ ಬರುತ್ತದೆ. ಈಗ ನಮ್ಮ ಮನೆಯಲ್ಲಿ ನಿಯಮ ಒಂದೇ: `captured` ಕಾಣದೆ ಪಾರ್ಸೆಲ್ ಬಾಗಿಲು ದಾಟುವುದಿಲ್ಲ. ಸ್ಕ್ರೀನ್‌ಶಾಟ್ ಎಷ್ಟೇ ಸ್ಪಷ್ಟವಾಗಿರಲಿ, ಯಾರದೇ ಆಗಿರಲಿ.

ಆ ಗಿರಾಕಿಗೆ ಸಂಕೋಚಪಡುತ್ತಲೇ ಫೋನ್ ಮಾಡಿದೆ. ತಮ್ಮ ಸ್ಟೇಟ್‌ಮೆಂಟ್ ನೋಡಿ, ಹೌದು, ವಾಪಸ್ ಬಂದಿದೆ ಎಂದು ಒಪ್ಪಿ ಮರುದಿನವೇ ಮತ್ತೆ ಕಟ್ಟಿದರು. ನಮ್ಮ ಪುಣ್ಯ. ಎಲ್ಲರೂ ಹಾಗಿರುವುದಿಲ್ಲ. ಒಂದು ತಿಂಗಳು ತಡವಾಗಿ ಫೋನ್ ಮಾಡಿದ್ದರೆ ಇವರಿಗೂ ನೆನಪಿರುತ್ತಿರಲಿಲ್ಲವೇನೋ.

ಅದಕ್ಕೇ ಈಗ ತಿಂಗಳ ಕೊನೆಯವರೆಗೆ ಕಾಯುವುದಿಲ್ಲ. ಪ್ರತಿ ಬುಧವಾರ ಮಧ್ಯಾಹ್ನ, ಮಂಗಳವಾರದ ದೊಡ್ಡ ಜಮೆ ಬಂದ ಮೇಲೆ, ಅರ್ಧ ಗಂಟೆ ಕೂರುತ್ತೇವೆ. ಹೊಂದದ ಸಾಲು ಇದ್ದರೆ ಮೊದಲು ಪಾವತಿ `captured` ಆಗಿದೆಯೇ ಎಂದು ನೋಡುತ್ತೇವೆ. ಆಮೇಲೆ ಕೆಲಸದ ದಿನ ಎಣಿಸುತ್ತೇವೆ. ದಿನ ಮುಗಿದಿದ್ದರೆ ವರದಿಯಲ್ಲಿ ಯುಟಿಆರ್ ಬಿದ್ದಿದೆಯೇ ಎಂದು ನೋಡುತ್ತೇವೆ. ಯುಟಿಆರ್ ಇಲ್ಲದಿದ್ದರೆ ಗೇಟ್‌ವೇಗೆ ಬರೆಯಬೇಕು. ಯುಟಿಆರ್ ಇದ್ದೂ ಬ್ಯಾಂಕಿನಲ್ಲಿ ಹಣ ಕಾಣದಿದ್ದರೆ ಆ ನಂಬರ್ ಹಿಡಿದು ಬ್ಯಾಂಕಿಗೆ ಹೋಗಬೇಕು. ಯಾರ ಬಾಗಿಲು ತಟ್ಟಬೇಕೆಂದು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. `debit` ಕಾಲಂನಲ್ಲಿ ನಾವು ಮಾಡದ ಮೊತ್ತ ಕಂಡರೆ ಅದು ಕಾರ್ಡ್ ಗಿರಾಕಿ ತಮ್ಮ ಬ್ಯಾಂಕಿಗೆ ಕೊಟ್ಟ ತಕರಾರಿನಿಂದ ಮುರಿದದ್ದಿರಬಹುದು. ಅದಕ್ಕೆ ಉತ್ತರ ಕೊಡಲು ಗಡುವು ಇರುತ್ತದೆ, ಕೊರಿಯರ್ ರಸೀದಿ ಬೇಕಾಗುತ್ತದೆ. ರಸೀದಿಗಳನ್ನು ಎಸೆಯಬೇಡಿ.

ಇನ್ನು ವೈನಿಯ ವಿಷಯ. ಮೂರನೆಯ ದಿನ ಬೆಳಿಗ್ಗೆ ಲ್ಯಾಪ್‌ಟಾಪ್ ತೆಗೆದುಕೊಂಡು ನಾನೇ ಅವರ ಮನೆಗೆ ಹೋದೆ. ನಾಲ್ಕೂ ಭಾಗ ತೋರಿಸಿದೆ. ತಪ್ಪಾಯಿತು ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಕ್ಕಾರ, ರೊಕ್ಕದ ಲೆಕ್ಕ ನೀವ್ ಒಬ್ಬರೇ ಇಟ್ಕೊಂಡ್ರಿ, ಅದಕ್ಕ ಹಿಂಗಾತು. ನನಗೂ ತೋರಸ್ರಿ” ಅಂದರು. ಹೌದಲ್ಲ ಅನಿಸಿತು. ಈಗ ಬುಧವಾರ ಲೆಕ್ಕ ನೋಡುವುದು ಇಬ್ಬರೂ ಸೇರಿ. ಅವರು ಯುಟಿಆರ್ ಓದುತ್ತಾರೆ, ನಾನು ಗುರುತು ಹಾಕುತ್ತೇನೆ. ರಿಫಂಡ್ ಮಾಡಿದ ಕೂಡಲೇ ಅವರೇ ಶೀಟಿನಲ್ಲಿ ಬರೆಯುತ್ತಾರೆ.

ನೀವು ಇಬ್ಬರು ಮೂವರು ಸೇರಿ ವ್ಯಾಪಾರ ಮಾಡುವವರಿದ್ದರೆ ಇದೊಂದನ್ನು ನೆನಪಿಡಿ. ಬ್ಯಾಂಕಿನ ಮೊತ್ತ ಪುಸ್ತಕದ ಮೊತ್ತಕ್ಕೆ ಎಂದೂ ಸಮ ಇರುವುದಿಲ್ಲ, ಇರಲೂಬಾರದು. ನಡುವಿನ ವ್ಯತ್ಯಾಸ ಯಾವುದರಿಂದ ಆಯಿತು ಎಂದು ಸಾಲು ಸಾಲಾಗಿ ಹೇಳಲು ಬರಬೇಕು. ಅದನ್ನು ಹೇಳಲು ಬರುವ ತನಕ ಯಾರ ಮುಖವನ್ನೂ ನೋಡಬೇಡಿ, ವರದಿ ನೋಡಿ.

ಶೀಟಿನ ಒಂದು ಖಾಲಿ ಪ್ರತಿ ನನ್ನ ಹತ್ತಿರ ಇದೆ. ಬೇಕಾದವರು ಚಹಾ ವೇಳೆಯಲ್ಲಿ ಕೇಳಿ, ಕಳಿಸುತ್ತೇನೆ. ವೈನಿಯೂ ಬಂದಿದ್ದಾರೆ, ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಯುಟಿಆರ್ ಹುಡುಕುವುದರಲ್ಲಿ ಈಗ ಅವರು ನನಗಿಂತ ಚುರುಕು.